ಐಡ್ರಾಪರ್ ಎತ್ತಿದ ಬಣ್ಣ ಅಕ್ಷರಕ್ಕೆ ಏಕೆ ಹೊಂದುವುದಿಲ್ಲ?

ಆಷಾಢ ಮುಗಿದು ಶ್ರಾವಣ ಹತ್ತಿರವಾದಂತೆ ಮೈಸೂರು, ಮಂಡ್ಯದ ಡಿಟಿಪಿ ಅಂಗಡಿಗಳಿಗೆ ಹೊಸ ಲಗ್ನಪತ್ರಿಕೆಗಳ ಜೊತೆಗೆ ಹಳೆಯ ಪತ್ರಿಕೆಗಳ ತಿದ್ದುಪಡಿಗಳೂ ಬರತೊಡಗುತ್ತವೆ. ಮುಹೂರ್ತದ ಸಮಯ ಬದಲಾಗಿರುತ್ತದೆ, ಇಲ್ಲವೇ ಮಂಡ್ಯದಲ್ಲಿ ನಿಗದಿಯಾಗಿದ್ದ ಕಲ್ಯಾಣ ಮಂಟಪ ಶ್ರೀರಂಗಪಟ್ಟಣಕ್ಕೆ ಸ್ಥಳಾಂತರವಾಗಿರುತ್ತದೆ. ಮೂಲ ವಿನ್ಯಾಸದ ಕಡತ ಯಾರ ಬಳಿಯೂ ಉಳಿದಿರುವುದಿಲ್ಲ; ಕೈಯಲ್ಲಿರುವುದು ಪತ್ರಿಕೆಯ ಚಿತ್ರ ಮಾತ್ರ. ಆ ಒಂದು ಸಾಲನ್ನು ಅಳಿಸಿ ಹೊಸ ಸಾಲು ಬರೆಯಬೇಕೆಂದರೆ ಮೊದಲು ಬೇಕಾಗುವುದು ಹಳೆಯ ಅಕ್ಷರದ ಬಣ್ಣ. ಅದಕ್ಕಾಗಿ ಐಡ್ರಾಪರ್ ಎಂಬ ಉಪಕರಣದಿಂದ ಅಕ್ಷರದ ಮೇಲೆ ಒತ್ತಿ ಬಣ್ಣ ಎತ್ತಿಕೊಂಡು ಹೊಸ ಸಾಲಿಗೆ ಹಾಕಿದರೆ, ಪಕ್ಕದ ಸಾಲುಗಳು ಗಾಢ ಮರೂನ್ ಬಣ್ಣದಲ್ಲಿರುವಾಗ ಇದೊಂದು ಸಾಲು ಮಾತ್ರ ಮಾಸಿದ ಗುಲಾಬಿಯಂತೆ ಕಾಣಿಸುತ್ತದೆ. ಬಣ್ಣ ಎತ್ತಿದ್ದು ಅದೇ ಪತ್ರಿಕೆಯ ಅದೇ ಅಕ್ಷರದಿಂದ, ಆದರೂ ಹೊಂದಲಿಲ್ಲ. ಉಪಕರಣ ಕೆಟ್ಟಿದೆ ಎಂದು ಹಲವರು ಭಾವಿಸುತ್ತಾರೆ. ಉಪಕರಣ ಒತ್ತಿದ ಜಾಗದಲ್ಲಿ ಇದ್ದುದನ್ನೇ ನಿಖರವಾಗಿ ಕೊಟ್ಟಿರುತ್ತದೆ. ಆ ಜಾಗದಲ್ಲಿದ್ದುದು ಅಕ್ಷರದ ಬಣ್ಣವಾಗಿರಲಿಲ್ಲ, ಅಷ್ಟೆ.

ಅಂಚಿನಲ್ಲಿ ಇರುವುದೇನು?

ಪರದೆಯ ಮೇಲಿನ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚೌಕಗಳಿಂದ ಆಗಿದೆ. ಒಂದು ಪಿಕ್ಸೆಲ್‌ಗೆ ಒಂದೇ ಬಣ್ಣ. ಅರ್ಧ ಮರೂನ್, ಅರ್ಧ ಕೆನೆಬಣ್ಣ ಎಂದು ಅದನ್ನು ಸೀಳಲು ಬರುವುದಿಲ್ಲ. ಅಕ್ಷರದ ರೇಖೆಗಳಾದರೋ ಬಾಗಿ ಬಳುಕಿ ಪಿಕ್ಸೆಲ್‌ಗಳ ನಡುವೆಯೇ ಹಾದು ಹೋಗುತ್ತವೆ. ರೇಖೆ ಮುಟ್ಟಿದ ಪಿಕ್ಸೆಲ್‌ಗಳನ್ನೆಲ್ಲ ಪೂರ್ತಿ ಮರೂನ್ ಮಾಡಿ ಉಳಿದವನ್ನು ಹಾಗೆಯೇ ಬಿಟ್ಟರೆ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಹಾಗಾಗದಂತೆ, ರೇಖೆಯು ಒಂದು ಪಿಕ್ಸೆಲ್‌ನ ಎಷ್ಟು ಭಾಗವನ್ನು ಆವರಿಸಿದೆಯೋ ಅಷ್ಟು ಪ್ರಮಾಣದಲ್ಲಿ ಅಕ್ಷರದ ಬಣ್ಣವನ್ನೂ ಉಳಿದ ಪ್ರಮಾಣದಲ್ಲಿ ಹಿನ್ನೆಲೆಯ ಬಣ್ಣವನ್ನೂ ಬೆರೆಸಿ ಆ ಪಿಕ್ಸೆಲ್‌ಗೆ ತುಂಬಲಾಗುತ್ತದೆ. ಅಂಚನ್ನು ನಯಗೊಳಿಸುವ ಈ ಕ್ರಮಕ್ಕೆ ಆ್ಯಂಟಿ-ಏಲಿಯಾಸಿಂಗ್ ಎನ್ನುತ್ತಾರೆ.

ನಮ್ಮ ಪತ್ರಿಕೆಯ ಅಕ್ಷರದ ನಿಜವಾದ ಬಣ್ಣ `#800020` ಎಂಬ ಮರೂನ್, ಹಿನ್ನೆಲೆ `#FFF8E0` ಎಂಬ ಕೆನೆಬಣ್ಣ ಎಂದಿಟ್ಟುಕೊಳ್ಳೋಣ. ಈ ಸಂಕೇತದಲ್ಲಿ ಹದಿನಾರರ ಎಣಿಕೆಯ ಎರಡೆರಡು ಅಂಕೆಗಳ ಮೂರು ಜೋಡಿಗಳಿದ್ದು, ಅವು ಕ್ರಮವಾಗಿ ಕೆಂಪು, ಹಸಿರು, ನೀಲಿಯ ಪ್ರಮಾಣವನ್ನು 0ಯಿಂದ 255ರವರೆಗಿನ ಸಂಖ್ಯೆಯಾಗಿ ಹೇಳುತ್ತವೆ. ಅದರಂತೆ ಮರೂನ್ ಎಂದರೆ 128, 0, 32. ಕೆನೆಬಣ್ಣ ಎಂದರೆ 255, 248, 224. ರೇಖೆ ಮುಕ್ಕಾಲು ಭಾಗ ಆವರಿಸಿದ ಪಿಕ್ಸೆಲ್‌ನಲ್ಲಿ ಮರೂನಿನ ಮುಕ್ಕಾಲು ಪಾಲು ಮತ್ತು ಕೆನೆಬಣ್ಣದ ಕಾಲು ಪಾಲು ಕೂಡಿ 160, 62, 80, ಅಂದರೆ `#A03E50` ಬರುತ್ತದೆ. ಅರ್ಧ ಆವರಿಸಿದ ಕಡೆ `#C07C80`, ಕಾಲು ಭಾಗ ಮಾತ್ರ ಆವರಿಸಿದ ಕಡೆ `#DFBAB0`. ಪತ್ರಿಕೆ ಮಾಡಿದವರು ಈ ಮೂರು ಬಣ್ಣಗಳಲ್ಲಿ ಒಂದನ್ನೂ ಆಯ್ದಿರಲಿಲ್ಲ. ಆದರೂ ಚಿತ್ರದಲ್ಲಿ ಅವು ಸಾವಿರಾರು ಪಿಕ್ಸೆಲ್‌ಗಳಲ್ಲಿ ಇವೆ, ಮತ್ತು ಐಡ್ರಾಪರ್‌ಗೆ ಯಾವುದು ಆಯ್ದ ಬಣ್ಣ, ಯಾವುದು ಬೆರಕೆ ಎಂದು ತಿಳಿಯುವ ದಾರಿಯಿಲ್ಲ.

ಬಣ್ಣ ಎರಡು ಬಾರಿ ತಿಳಿಯಾಗುತ್ತದೆ

ಇಷ್ಟಕ್ಕೇ ಮುಗಿದಿದ್ದರೆ ವ್ಯತ್ಯಾಸ ಅಷ್ಟು ಎದ್ದು ಕಾಣುತ್ತಿರಲಿಲ್ಲ. ಹಳೆಯ ಸಾಲಿನ ಸಣ್ಣ ಅಕ್ಷರಗಳಲ್ಲಿ ಸಿಗುವ ಅತಿ ಗಾಢ ಪಿಕ್ಸೆಲ್ `#A03E50` ಆಗಿದ್ದರೆ, ಹೊಸ ಸಾಲಿಗೂ ಅದನ್ನೇ ಕೊಟ್ಟರೆ ಎರಡೂ ಸಮನಾಗಬೇಕಲ್ಲವೇ ಎಂದು ತೋರುತ್ತದೆ. ಸಮನಾಗುವುದಿಲ್ಲ, ಏಕೆಂದರೆ ಹೊಸ ಅಕ್ಷರವನ್ನು ಬರೆಯುವಾಗ ತಂತ್ರಾಂಶವು ಅದರ ಅಂಚನ್ನೂ ಮತ್ತೆ ನಯಗೊಳಿಸುತ್ತದೆ. ಈಗಾಗಲೇ ಹಾಲು ಬೆರೆಸಿದ ಕಾಫಿಯನ್ನೇ ಡಿಕಾಕ್ಷನ್ ಎಂದು ತಿಳಿದು ಅದಕ್ಕೆ ಮತ್ತೆ ಅಷ್ಟೇ ಹಾಲು ಸುರಿದಂತೆ ಆಗುತ್ತದೆ ಇದು. ಲೆಕ್ಕ ಹಾಕಿ ನೋಡಿದರೆ, `#A03E50` ಬಣ್ಣದ ರೇಖೆ ಮುಕ್ಕಾಲು ಪಾಲು ಆವರಿಸಿದ ಪಿಕ್ಸೆಲ್ ಈಗ 184, 109, 116, ಅಂದರೆ `#B86D74` ಆಗುತ್ತದೆ. ಮೂಲ ಮರೂನಿನ ಪಾಲು ಅದರಲ್ಲಿ ಶೇ 75ರಿಂದ ಸುಮಾರು ಶೇ 56ಕ್ಕೆ ಇಳಿದಿದೆ. ಸಾಲು ಪೂರ್ತಿ ಹೀಗೇ ತಿಳಿಯಾಗಿರುವುದರಿಂದ ಓದುವ ಅಂತರದಲ್ಲಿ ಅದು ಬೇರೆಯೇ ಬಣ್ಣದ ಸಾಲಾಗಿ ಕಾಣಿಸುತ್ತದೆ. ಹಾಗಾಗಿ ಐಡ್ರಾಪರ್‌ನಿಂದ ಹುಡುಕಬೇಕಾದದ್ದು ಅಕ್ಷರ ಹೇಗೆ ಕಾಣುತ್ತಿದೆಯೋ ಆ ಬಣ್ಣವನ್ನಲ್ಲ, ಬರೆಯುವ ಮೊದಲು ಅಕ್ಷರಕ್ಕೆ ಕೊಟ್ಟಿದ್ದ ಬಣ್ಣವನ್ನು.

ಶುದ್ಧ ಪಿಕ್ಸೆಲ್ ಎಲ್ಲಿ ಸಿಗುತ್ತದೆ?

ರೇಖೆಯು ಪೂರ್ತಿಯಾಗಿ ಆವರಿಸಿದ ಪಿಕ್ಸೆಲ್‌ನಲ್ಲಿ ಹಿನ್ನೆಲೆಯ ಪಾಲು ಇರುವುದಿಲ್ಲ. ಅಲ್ಲಿ ಮಾತ್ರ `#800020` ಹಾಗೆಯೇ ಉಳಿದಿರುತ್ತದೆ. ಅಂತಹ ಪಿಕ್ಸೆಲ್ ಇರಬೇಕಾದರೆ ರೇಖೆ ಸಾಕಷ್ಟು ದಪ್ಪವಿರಬೇಕು. ಒಂದು ಪಿಕ್ಸೆಲ್ ದಪ್ಪದ ರೇಖೆ ಎರಡು ಪಿಕ್ಸೆಲ್‌ಗಳ ನಡುವಿನ ಗೆರೆಯ ಮೇಲೆ ಕುಳಿತರೆ, ಒಂದರಲ್ಲಿ ಮುಕ್ಕಾಲು, ಇನ್ನೊಂದರಲ್ಲಿ ಕಾಲು ಎಂದು ಹಂಚಿಹೋಗಿ ಶುದ್ಧ ಬಣ್ಣ ಎಲ್ಲಿಯೂ ಉಳಿಯುವುದಿಲ್ಲ. ಕನ್ನಡ ಲಿಪಿಯಲ್ಲಿ ಈ ತೊಂದರೆ ಹೆಚ್ಚು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ನೇರವಾಗಿ ನಿಂತ ಕಂಬಗಳಿರುವುದರಿಂದ ಅವು ಪಿಕ್ಸೆಲ್‌ಗಳ ಸಾಲಿಗೆ ಸರಿಯಾಗಿ ಹೊಂದಿ ಕೂರುವ ಸಾಧ್ಯತೆ ಇರುತ್ತದೆ. ನಮ್ಮ ಅಕ್ಷರಗಳು ಬಹುಪಾಲು ದುಂಡು. ಒತ್ತಕ್ಷರಗಳಂತೂ ಮೂಲಾಕ್ಷರಕ್ಕಿಂತ ಚಿಕ್ಕದಾಗಿ, ತೆಳ್ಳಗಿನ ರೇಖೆಯಲ್ಲಿ ಇರುತ್ತವೆ. ‘ಕಲ್ಯಾಣ’ ಎಂಬ ಪದದ ಯ ಒತ್ತಿನ ಮೇಲೆ ಒತ್ತಿ ಬಣ್ಣ ಎತ್ತಿದವರಿಗೆ ಬೆರಕೆಯೇ ಸಿಗುವುದು ಬಹುಮಟ್ಟಿಗೆ ಖಚಿತ.

ಆದ್ದರಿಂದ ತಿದ್ದಬೇಕಾದ ಸಾಲಿನಲ್ಲೇ ಬಣ್ಣ ಹುಡುಕುವ ಹಟ ಬೇಡ. ಪತ್ರಿಕೆಯಲ್ಲಿ ಅದೇ ಬಣ್ಣ ಬಳಸಿದ ದೊಡ್ಡ ಜಾಗ ಯಾವುದೆಂದು ನೋಡಬೇಕು. ವಧೂವರರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಸುತ್ತ ಅಂಚುಪಟ್ಟಿ ಇರುತ್ತದೆ, ಮೇಲೆ ಗಣಪತಿಯ ರೇಖಾಚಿತ್ರ ಇರುತ್ತದೆ. ಇವುಗಳಲ್ಲಿ ಯಾವುದಾದರೊಂದು ಅದೇ ಮರೂನಿನಲ್ಲಿರುವ ಸಾಧ್ಯತೆ ಹೆಚ್ಚು. ದಪ್ಪ ಅಕ್ಷರದ ಒಳಭಾಗದಲ್ಲಿ, ಅಂಚಿನಿಂದ ಎರಡು ಮೂರು ಪಿಕ್ಸೆಲ್ ಒಳಗೆ ಎತ್ತಿದ ಬಣ್ಣ ಶುದ್ಧವಾಗಿರುತ್ತದೆ. ಆದರೆ ಶೀರ್ಷಿಕೆಯೂ ಸಣ್ಣ ಸಾಲೂ ಒಂದೇ ಬಣ್ಣದವು ಎಂಬುದು ಆ ಹೊತ್ತಿಗೆ ಊಹೆ ಮಾತ್ರ. ಅದನ್ನು ಪರೀಕ್ಷಿಸುವ ಕ್ರಮವನ್ನು ಮುಂದೆ ಹೇಳಿದೆ.

ಎತ್ತಿದ್ದು ಶುದ್ಧ ಬಣ್ಣವೇ ಎಂದು ತಿಳಿಯುವುದಕ್ಕೆ ಒಂದು ನಂಬಿಕೆಯ ಗುರುತಿದೆ. ಶುದ್ಧ ಬಣ್ಣ ಮರುಕಳಿಸುತ್ತದೆ. ಪಿಕ್ಸೆಲ್‌ಗಳನ್ನು ಇದ್ದಂತೆಯೇ ಉಳಿಸುವ ಪಿಎನ್‌ಜಿ ಚಿತ್ರದಲ್ಲಿ ಪಕ್ಕಪಕ್ಕದ ನಾಲ್ಕಾರು ಪಿಕ್ಸೆಲ್‌ಗಳಲ್ಲಿ, ಮತ್ತೆ ದೂರದ ಇನ್ನೊಂದು ದಪ್ಪ ಅಕ್ಷರದಲ್ಲಿ, ಅದೇ `#800020` ಒಂದಂಕಿಯೂ ಬದಲಾಗದೆ ಕಾಣಿಸಬೇಕು. ಪ್ರತಿ ಸಲ ಒತ್ತಿದಾಗಲೂ ಬೇರೆ ಬೇರೆ ಸಂಖ್ಯೆ ಬರುತ್ತಿದ್ದರೆ ನಾವಿನ್ನೂ ಅಂಚಿನಲ್ಲೇ ಇದ್ದೇವೆ ಎಂದರ್ಥ.

ಒತ್ತುವ ಮೊದಲು ಉಪಕರಣದ ಸರಾಸರಿ ನೋಡಿಕೊಳ್ಳಿ

ಸರಿಯಾದ ಪಿಕ್ಸೆಲ್ ಮೇಲೆಯೇ ಒತ್ತಿಯೂ ತಪ್ಪು ಬಣ್ಣ ಬರುವುದುಂಟು. ಫೋಟೋಶಾಪ್‌ನಲ್ಲಿ ಐಡ್ರಾಪರ್ ಆಯ್ದಾಗ ಮೇಲಿನ ಪಟ್ಟಿಯಲ್ಲಿ `Sample Size` ಎಂಬ ಆಯ್ಕೆ ಕಾಣುತ್ತದೆ. ಅದು `Point Sample` ಆಗಿದ್ದರೆ ಒತ್ತಿದ ಒಂದೇ ಪಿಕ್ಸೆಲ್ ಓದಲಾಗುತ್ತದೆ. `3 by 3 Average` ಆಗಿದ್ದರೆ ಸುತ್ತಲಿನ ಎಂಟನ್ನೂ ಸೇರಿಸಿ ಒಂಬತ್ತು ಪಿಕ್ಸೆಲ್‌ಗಳ ಸರಾಸರಿ ಸಿಗುತ್ತದೆ. ಎರಡು ಪಿಕ್ಸೆಲ್ ದಪ್ಪದ ನೇರ ರೇಖೆಯೊಂದು ನಡುವಿನ ಪಿಕ್ಸೆಲ್ ಅನ್ನು ಪೂರ್ತಿಯಾಗಿಯೂ ಎಡಬಲದವನ್ನು ಅರ್ಧರ್ಧವಾಗಿಯೂ ಆವರಿಸಿದೆ ಎನ್ನೋಣ. ಸರಿಯಾಗಿ ನಡುವೆಯೇ ಒತ್ತಿದರೂ ಈ ಸರಾಸರಿಯಿಂದ ಸಿಗುವುದು `#AA5360`. ಹಿಂದೆ ಯಾರೋ ಫೋಟೋದಿಂದ ಬಣ್ಣ ಎತ್ತಲು `5 by 5 Average` ಇಟ್ಟು ಹಾಗೆಯೇ ಬಿಟ್ಟಿರುತ್ತಾರೆ. ಅಂಗಡಿಯ ಗಣಕದಲ್ಲಿ ಹಲವರು ಕೆಲಸ ಮಾಡುವಾಗ ಇದು ಸಾಮಾನ್ಯ.

ಗಿಂಪ್‌ನಲ್ಲಿ ಬಣ್ಣ ಎತ್ತುವ ಉಪಕರಣದ ಆಯ್ಕೆಗಳಲ್ಲಿರುವ `Sample average` ಗುರುತನ್ನು ತೆಗೆದಿರಬೇಕು. ಕೋರೆಲ್‌ಡ್ರಾದ ಐಡ್ರಾಪರ್‌ನಲ್ಲಿ ಒಂದು ಪಿಕ್ಸೆಲ್, ಎರಡರ ಚೌಕ, ಐದರ ಚೌಕ ಎಂಬ ಮೂರು ಗುಂಡಿಗಳಿದ್ದು ಒಂದು ಪಿಕ್ಸೆಲ್‌ನದನ್ನೇ ಆಯಬೇಕು.

ಅನಂತರ ಚಿತ್ರವನ್ನು ಪ್ರತಿ ಪಿಕ್ಸೆಲ್ ಚೌಕವಾಗಿ ಕಾಣುವವರೆಗೆ ಹಿಗ್ಗಿಸಬೇಕು. ಫೋಟೋಶಾಪ್‌ನಲ್ಲಿ ಐದು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದಾಗ ಚೌಕಗಳ ನಡುವೆ ಗೆರೆಗಳೂ ಮೂಡುತ್ತವೆ. ಈ ಹಿಗ್ಗಿಸುವಿಕೆ ಸಂಪಾದನೆಯ ತಂತ್ರಾಂಶದ ಒಳಗೇ ಆಗಬೇಕು. ಮೊಬೈಲಿನ ಗ್ಯಾಲರಿಯಲ್ಲಿ ಚಿತ್ರವನ್ನು ದೊಡ್ಡದು ಮಾಡಿ ಅದರ ಸ್ಕ್ರೀನ್‌ಶಾಟ್ ತೆಗೆದು ಅದರಿಂದ ಬಣ್ಣ ಎತ್ತುವ ಅಭ್ಯಾಸ ಕೆಲವರಿಗಿದೆ. ಸಾಮಾನ್ಯವಾಗಿ ಇಂತಹ ವೀಕ್ಷಕಗಳು ಹಿಗ್ಗಿಸುವಾಗ ಪಿಕ್ಸೆಲ್‌ಗಳ ನಡುವೆ ತಾವೇ ಹೊಸ ಮಧ್ಯಮ ಬಣ್ಣಗಳನ್ನು ತುಂಬುತ್ತವೆ. ಒಂದು ಪಿಕ್ಸೆಲ್‌ನ ಬೆರಕೆ ಅಂಚು ಹಿಗ್ಗಿದ ಚಿತ್ರದಲ್ಲಿ ಹತ್ತಾರು ಪಿಕ್ಸೆಲ್‌ಗಳಿಗೆ ಹರಡಿಕೊಳ್ಳುತ್ತದೆ.

ಕಂಪ್ಯೂಟರ್ ಪರದೆಯ ಸ್ಕ್ರೀನ್‌ಶಾಟ್‌ನಿಂದ ಎತ್ತುವವರು ಇನ್ನೊಂದನ್ನು ಗಮನಿಸಬೇಕು. ವಿಂಡೋಸ್‌ನಲ್ಲಿ ಕ್ಲಿಯರ್‌ಟೈಪ್ ಎಂಬ ವ್ಯವಸ್ಥೆ ಜಾರಿಯಲ್ಲಿದ್ದರೆ ಪಿಕ್ಸೆಲ್‌ನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆ ಬೇರೆಯಾಗಿ ಬೆಳಗಿಸಿ ಅಕ್ಷರವನ್ನು ಚೂಪಾಗಿಸಲಾಗುತ್ತದೆ. ಬಿಳಿಯ ಮೇಲಿನ ಕಪ್ಪು ಅಕ್ಷರವನ್ನೇ ಹಿಗ್ಗಿಸಿ ನೋಡಿದರೆ ಸಾಮಾನ್ಯ ಪರದೆಗಳಲ್ಲಿ ಎಡ ಅಂಚು ಕೆಂಪು ಛಾಯೆಯಲ್ಲೂ ಬಲ ಅಂಚು ನೀಲಿ ಛಾಯೆಯಲ್ಲೂ ಇರುತ್ತದೆ. ಇಂತಹ ಅಂಚಿನಿಂದ ಎತ್ತಿದ್ದು ತಿಳಿಬಣ್ಣವಷ್ಟೇ ಅಲ್ಲ, ಅಕ್ಷರಕ್ಕೆ ಸಂಬಂಧವೇ ಇಲ್ಲದ ಬಣ್ಣವೂ ಆಗಿರಬಹುದು.

ಶುದ್ಧ ಪಿಕ್ಸೆಲ್ ಇಲ್ಲವೇ ಇಲ್ಲದಿದ್ದರೆ

ದಪ್ಪ ಶೀರ್ಷಿಕೆ ಬೇರೆ ಬಣ್ಣದಲ್ಲಿದ್ದು, ಬೇಕಾದ ಬಣ್ಣ ಸಣ್ಣ ಅಕ್ಷರಗಳಲ್ಲಿ ಮಾತ್ರ ಇದ್ದರೆ ಬೆರಕೆಯಿಂದ ಮೂಲವನ್ನು ಹಿಂದಕ್ಕೆ ಲೆಕ್ಕ ಹಾಕಬೇಕಾಗುತ್ತದೆ. ಅದಕ್ಕೆ ಹಿನ್ನೆಲೆಯ ಬಣ್ಣವೂ, ಆ ಪಿಕ್ಸೆಲ್‌ನಲ್ಲಿ ಅಕ್ಷರದ ಪಾಲು ಎಷ್ಟೆಂಬುದೂ ತಿಳಿದಿರಬೇಕು. ಹಿನ್ನೆಲೆ ಸುಲಭವಾಗಿ ಸಿಗುತ್ತದೆ. ಪಾಲು ತಿಳಿಯುವುದೇ ಕಷ್ಟ. ತಿಳಿಗುಲಾಬಿ ಅಕ್ಷರದ ಪೂರ್ಣ ಪಿಕ್ಸೆಲ್ ಮತ್ತು ಮರೂನ್ ಅಕ್ಷರದ ಅರ್ಧ ಪಿಕ್ಸೆಲ್ ಒಂದೇ ಸಂಖ್ಯೆಯವಾಗಿರಬಹುದು. ಅದೊಂದನ್ನೇ ನೋಡಿ ಯಾವುದೆಂದು ಹೇಳಲಾಗದು.

ಅದೇ ಚಿತ್ರದಲ್ಲಿ ಅದೇ ಅಕ್ಷರಶೈಲಿಯ, ಅದೇ ಗಾತ್ರದ ಕಪ್ಪು ಸಾಲೊಂದಿದ್ದರೆ ಅದು ನೆರವಿಗೆ ಬರುತ್ತದೆ. ಆ ಸಾಲಿನ ಮೂಲ ಬಣ್ಣ ಪೂರ್ಣ ಕಪ್ಪು, ಅಂದರೆ 0, 0, 0 ಎಂದು ನಂಬಲು ಕಾರಣವಿದ್ದರೆ, ಅದರ ಹಲವು ಅಕ್ಷರಗಳಲ್ಲಿ ಅತಿ ಗಾಢ ಪಿಕ್ಸೆಲ್ ಯಾವುದೆಂದು ನೋಡಬೇಕು. ಅದು `#403E38`, ಅಂದರೆ 64, 62, 56 ಎಂದು ಬಂದರೆ, ಹಿನ್ನೆಲೆಯ ಹಸಿರು 248ರಲ್ಲಿ 62 ಉಳಿದಿದೆ. ಕಾಲು ಭಾಗ ಹಿನ್ನೆಲೆ, ಮುಕ್ಕಾಲು ಅಕ್ಷರ. ಮರೂನ್ ಸಾಲಿನ ಅತಿ ಗಾಢ ಪಿಕ್ಸೆಲ್ ಕೂಡ ಹೆಚ್ಚುಕಡಿಮೆ ಮುಕ್ಕಾಲೇ ಆವರಿಸಲ್ಪಟ್ಟಿದೆ ಎಂದು ಹಿಡಿಯಬಹುದು. ಆಗ ಪ್ರತಿ ಬಣ್ಣಕ್ಕೂ ಈ ಸೂತ್ರ ಹಾಕಬೇಕು:

```
ಮೂಲ = ಹಿನ್ನೆಲೆ - (ಹಿನ್ನೆಲೆ - ಪಿಕ್ಸೆಲ್) / ಪಾಲು
```

`#A03E50` ಪಿಕ್ಸೆಲ್‌ನ ಕೆಂಪು 160. ಹಿನ್ನೆಲೆಯ 255ರಿಂದ ಅದನ್ನು ಕಳೆದರೆ 95, 0.75ರಿಂದ ಭಾಗಿಸಿದರೆ ಸುಮಾರು 127. ಅದನ್ನು 255ರಿಂದ ಕಳೆದರೆ 128. ಹಸಿರಿನಲ್ಲಿ 248ರಿಂದ 62 ಕಳೆದು 186, ಭಾಗಿಸಿದರೆ 248, ಉಳಿಯುವುದು 0. ನೀಲಿಯಲ್ಲಿ ಇದೇ ಕ್ರಮದಿಂದ 32 ಬರುತ್ತದೆ. ಮೂಲದ ಮರೂನ್ ಕೈಗೆ ಬಂತು. ಯಾವುದಾದರೂ ಬಣ್ಣದ ಉತ್ತರ ಸೊನ್ನೆಗಿಂತ ಬಹಳ ಕೆಳಗಿಳಿದರೆ ಪಾಲನ್ನು ಕಡಿಮೆ ಅಂದಾಜು ಮಾಡಿದ್ದೇವೆ ಎಂದು ತಿಳಿದು ಹೆಚ್ಚಿಸಬೇಕು.

ಇಲ್ಲಿ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಬಂದದ್ದು ಉದಾಹರಣೆಯ ಸಂಖ್ಯೆಗಳನ್ನು ಹಾಗೆ ಆಯ್ದುಕೊಂಡಿದ್ದರಿಂದ. ಕೆಲವು ತಂತ್ರಾಂಶಗಳು ಅಕ್ಷರ ಮತ್ತು ಹಿನ್ನೆಲೆಯನ್ನು ಬೆರೆಸುವಾಗ ಸಂಖ್ಯೆಗಳನ್ನು ನೇರವಾಗಿ ಕೂಡದೆ, ಕಣ್ಣಿಗೆ ಅಕ್ಷರ ತೀರಾ ತೆಳ್ಳಗೆ ಕಾಣದಂತೆ ಸ್ವಲ್ಪ ಹೊಂದಿಸಿಕೊಂಡು ಕೂಡುತ್ತವೆ. ಆಗ ಉತ್ತರ ಹತ್ತಿರ ಬರುತ್ತದೆಯೇ ಹೊರತು ಸರಿಸಮ ಆಗುವುದಿಲ್ಲ. ಶೀರ್ಷಿಕೆಯಿಂದ ಎತ್ತಿದ ಶುದ್ಧ ಬಣ್ಣವೇ ಸಣ್ಣ ಸಾಲಿನದೂ ಹೌದೇ ಎಂದು ಪರೀಕ್ಷಿಸಲು ಮಾತ್ರ ಇದು ಚೆನ್ನಾಗಿ ಒದಗುತ್ತದೆ: ಹಿಂದಕ್ಕೆ ಹಾಕಿದ ಲೆಕ್ಕ ಶೀರ್ಷಿಕೆಯ ಬಣ್ಣದ ಆಸುಪಾಸಿಗೆ ಬಂದರೆ ಎರಡೂ ಒಂದೇ ಎಂದು ಧೈರ್ಯವಾಗಿ ಹಿಡಿಯಬಹುದು.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ

ಇದುವರೆಗೆ ಹೇಳಿದ್ದೆಲ್ಲ ಪಿಕ್ಸೆಲ್‌ಗಳು ಮೂಲದಲ್ಲಿದ್ದಂತೆಯೇ ಉಳಿದ ಚಿತ್ರಕ್ಕೆ ಅನ್ವಯಿಸುತ್ತದೆ. ತಿದ್ದುಪಡಿಗೆ ಬರುವ ಪತ್ರಿಕೆಗಳು ಹೆಚ್ಚಾಗಿ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದವು, ಮತ್ತು ಹಾಗೆ ಕಳಿಸಿದ ಚಿತ್ರ ಜೆಪೆಗ್ ರೂಪಕ್ಕೆ ಮತ್ತೆ ಕುಗ್ಗಿರುತ್ತದೆ. ಜೆಪೆಗ್ ಚಿತ್ರವನ್ನು ಎಂಟೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ಅದಕ್ಕೂ ಮೊದಲು ಬೆಳಕಿನ ಪ್ರಮಾಣವನ್ನೂ ಬಣ್ಣವನ್ನೂ ಬೇರ್ಪಡಿಸಿ, ಬೆಳಕನ್ನು ಪ್ರತಿ ಪಿಕ್ಸೆಲ್‌ಗೂ ಉಳಿಸಿಕೊಂಡು, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಉಳಿಸುವುದು ಸಾಮಾನ್ಯ ಕ್ರಮ. ಫೋಟೋಗಳಲ್ಲಿ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಎರಡು ಪಿಕ್ಸೆಲ್ ದಪ್ಪದ ಮರೂನ್ ರೇಖೆಯಲ್ಲಿ ಮಾತ್ರ ಪಕ್ಕದ ಕೆನೆಬಣ್ಣದ ಪಾಲು ರೇಖೆಯ ನಡುವಿಗೂ ನುಗ್ಗುತ್ತದೆ. ಅಂದರೆ ಪಿಎನ್‌ಜಿಯಲ್ಲಿ ಶುದ್ಧವಾಗಿದ್ದ ಪಿಕ್ಸೆಲ್ ಕೂಡ ಇಲ್ಲಿ ಕಂದುಬಣ್ಣಕ್ಕೆ ತಿರುಗಿರಬಹುದು. ಅಕ್ಷರಗಳ ಸುತ್ತ ಕೆನೆಬಣ್ಣದಲ್ಲಿ ಸೊಳ್ಳೆ ಕೂತಂತೆ ಚುಕ್ಕಿಗಳು ಕಂಡರೆ ಚಿತ್ರ ಈ ಸ್ಥಿತಿಯದು ಎಂದು ತಿಳಿಯಬೇಕು.

ಇಂತಹ ಚಿತ್ರದಲ್ಲಿ ಸಣ್ಣ ಸಾಲಿನಿಂದ ಬಣ್ಣ ಎತ್ತಲು ಯತ್ನಿಸುವುದೇ ವ್ಯರ್ಥ. ಅಂಚುಪಟ್ಟಿ ಅಥವಾ ದೊಡ್ಡ ಶೀರ್ಷಿಕೆಯ ಒಳಭಾಗದಲ್ಲಿ, ಅಂಚಿನಿಂದ ಕನಿಷ್ಠ ಹದಿನಾರು ಪಿಕ್ಸೆಲ್ ದೂರದಲ್ಲಿ ಎತ್ತಿದರೆ ನೆರೆಯ ಬಣ್ಣದ ಸೋಂಕು ತಪ್ಪುತ್ತದೆ. ಮೇಲೆ ಬೇಡವೆಂದ ಸರಾಸರಿ ಇಲ್ಲಿ ಉಪಯುಕ್ತ: ಅಗಲವಾದ ಒಂದೇ ಬಣ್ಣದ ಜಾಗದಲ್ಲಿ ಜೆಪೆಗ್‌ನಿಂದಾದ ಒಂದೆರಡು ಅಂಕಿಗಳ ಏರಿಳಿತವನ್ನು `5 by 5 Average` ಸಮ ಮಾಡುತ್ತದೆ. ಕಳಿಸಿದವರಿಗೆ ಅದೇ ಚಿತ್ರವನ್ನು ಫೋಟೋ ಆಗಿ ಅಲ್ಲದೆ ಡಾಕ್ಯುಮೆಂಟ್ ಆಗಿ ಕಳಿಸಿರೆಂದು ಕೇಳಿದರೆ ವಾಟ್ಸ್‌ಆ್ಯಪ್ ಅದನ್ನು ಮತ್ತೆ ಕುಗ್ಗಿಸುವುದಿಲ್ಲ.

ಪಿಡಿಎಫ್ ಅಥವಾ ಕೋರೆಲ್‌ಡ್ರಾ ಕಡತವೇ ಸಿಕ್ಕಿದರೆ ಐಡ್ರಾಪರ್‌ನ ಗೊಡವೆಯೇ ಇಲ್ಲ. ಅಲ್ಲಿ ಅಕ್ಷರಗಳು ಚಿತ್ರವಾಗಿ ಬದಲಾಗಿರದಿದ್ದರೆ, ಅಕ್ಷರವನ್ನು ಆಯ್ದು ಅದಕ್ಕೆ ತುಂಬಿದ ಬಣ್ಣದ ಸಂಖ್ಯೆಯನ್ನು ನೇರವಾಗಿ ಓದಿಕೊಳ್ಳಬಹುದು. ಕೋರೆಲ್‌ಡ್ರಾದಲ್ಲಿ ಅದು ಕೆಳಗಿನ ಸ್ಥಿತಿಪಟ್ಟಿಯಲ್ಲೇ ಕಾಣುತ್ತದೆ.

ಹಳೆಯ ಸಾಲನ್ನು ಮುಚ್ಚುವ ಕೆನೆಬಣ್ಣ

ಅಕ್ಷರದ ಬಣ್ಣದ ಬಗ್ಗೆ ಇಷ್ಟು ಎಚ್ಚರ ವಹಿಸಿದವರೂ ಹಿನ್ನೆಲೆಯಲ್ಲಿ ಎಡವುತ್ತಾರೆ. ಹಳೆಯ ಸಾಲನ್ನು ಮುಚ್ಚಲು ಕೆನೆಬಣ್ಣದ ತೇಪೆ ಬೇಕು. ಅದನ್ನು ಅಕ್ಷರಗಳ ನಡುವಿನ ಇಕ್ಕಟ್ಟಿನಿಂದ ಎತ್ತಿದರೆ ಶೇ 5ರಷ್ಟು ಮರೂನ್ ಸೇರಿದ ಪಿಕ್ಸೆಲ್ ಸಿಗಬಹುದು. ಬಿಡಿಯಾಗಿ ನೋಡಿದರೆ ಆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ದೊಡ್ಡ ಆಯತವಾಗಿ ಹಾಸಿದಾಗ ಅದರ ಗಡಿ ಕಣ್ಣಿಗೆ ಹೊಡೆಯುತ್ತದೆ. ಸಾಲುಗಳ ನಡುವಿನ ಅಗಲವಾದ ಖಾಲಿ ಜಾಗದಿಂದ ಎತ್ತಬೇಕು, ಮತ್ತು ತೇಪೆ ಅಕ್ಷರದ ಹೊರ ಅಂಚಿನ ಮಸುಕಾದ ಪಿಕ್ಸೆಲ್‌ಗಳನ್ನೂ ಮುಚ್ಚುವಷ್ಟು ಅಗಲವಿರಬೇಕು. ಹಿನ್ನೆಲೆಯಲ್ಲಿ ಕಾಗದದ ವಿನ್ಯಾಸವೋ ಮೇಲಿಂದ ಕೆಳಕ್ಕೆ ಬದಲಾಗುವ ಛಾಯೆಯೋ ಇದ್ದರೆ ಒಂದೇ ಬಣ್ಣದ ತೇಪೆ ಹೊಂದುವುದೇ ಇಲ್ಲ. ಆಗ ಪಕ್ಕದ ಜಾಗದ ತುಣುಕನ್ನೇ ನಕಲು ಮಾಡಬೇಕಾಗುತ್ತದೆ.

ಸಂಖ್ಯೆ ಸರಿಯಿದ್ದೂ ಸಾಲು ಬೇರೆಯಾಗಿ ಕಂಡರೆ

ಹೊಸ ಸಾಲಿಗೆ `#800020` ಕೊಟ್ಟ ಮೇಲೂ ಅದು ಪಕ್ಕದ ಸಾಲಿಗಿಂತ ಗಾಢವಾಗಿಯೋ ತಿಳಿಯಾಗಿಯೋ ಕಾಣಬಹುದು. ಆಗ ಬಣ್ಣವನ್ನು ಕೈಯಂದಾಜಿನಲ್ಲಿ ಬದಲಿಸಲು ಹೋಗಬಾರದು. ಅಕ್ಷರಶೈಲಿ ತುಸು ದಪ್ಪವಿದ್ದರೆ ಪೂರ್ಣವಾಗಿ ಆವರಿಸಲ್ಪಟ್ಟ ಪಿಕ್ಸೆಲ್‌ಗಳು ಹೆಚ್ಚಾಗಿ ಸಾಲು ಗಾಢವಾಗುತ್ತದೆ, ತೆಳುವಿದ್ದರೆ ತಿಳಿಯಾಗುತ್ತದೆ. ನಯಗೊಳಿಸುವ ಬಗೆಯೂ ಇದೇ ಪರಿಣಾಮ ಬೀರುತ್ತದೆ: ಫೋಟೋಶಾಪ್‌ನ ಅಕ್ಷರಗಳ ಆಯ್ಕೆಯಲ್ಲಿ `Sharp`, `Crisp`, `Strong`, `Smooth` ಎಂಬ ಬಗೆಗಳಿದ್ದು, ಒಂದೇ ಬಣ್ಣದ ಒಂದೇ ಸಾಲು `Strong`ನಲ್ಲಿ ದಟ್ಟವಾಗಿ ಕಾಣುತ್ತದೆ. ಮೊದಲು ಶೈಲಿ, ಗಾತ್ರ, ಈ ಬಗೆ ಮೂರನ್ನೂ ಹಳೆಯ ಸಾಲಿಗೆ ಹೊಂದಿಸಿ, ಚಿತ್ರವನ್ನು ಶೇ 100ರ ಗಾತ್ರದಲ್ಲಿಟ್ಟು ಎರಡೂ ಸಾಲುಗಳನ್ನು ಒಟ್ಟಿಗೆ ನೋಡಬೇಕು. ಮೂಲ ಚಿತ್ರ ಜೆಪೆಗ್ ಆಗಿದ್ದರೆ ಹೊಸ ಸಾಲು ಉಳಿದವಕ್ಕಿಂತ ಹೆಚ್ಚು ಚೂಪಾಗಿ ಎದ್ದು ಕಾಣುವುದು ಸಹಜ. ಪೂರ್ತಿ ಪತ್ರಿಕೆಯನ್ನು ಒಮ್ಮೆ ಜೆಪೆಗ್ ಆಗಿ ಉಳಿಸಿ ತೆರೆದು ನೋಡಿದರೆ ಆ ವ್ಯತ್ಯಾಸ ಬಹುಪಾಲು ಕಡಿಮೆಯಾಗಿರುತ್ತದೆ. ಅಷ್ಟಾದ ಮೇಲೂ ಬಣ್ಣ ಬೇರೆಯೆನಿಸಿದರೆ, ಎರಡೂ ಸಾಲುಗಳಲ್ಲಿ ಒಂದೇ ಅಕ್ಷರವನ್ನು ಆಯ್ದು ಅವುಗಳ ಅತಿ ಗಾಢ ಪಿಕ್ಸೆಲ್‌ಗಳ ಸಂಖ್ಯೆಯನ್ನು `Point Sample`ನಲ್ಲಿ ಹೋಲಿಸಬೇಕು. ಅವೆರಡೂ ಹತ್ತಿರವಿದ್ದರೆ ವ್ಯತ್ಯಾಸ ಇರುವುದು ರೇಖೆಯ ದಪ್ಪದಲ್ಲಿ. ದೂರವಿದ್ದರೆ ಬಣ್ಣವನ್ನು ಇನ್ನೊಂದು ದಪ್ಪ ಅಕ್ಷರದಿಂದ ಮತ್ತೆ ಎತ್ತಬೇಕು.